ಅರ್ಧ ನಿಮಿಷದ ಕರೆಂಟ್, ಐದು ನಿಮಿಷದ ಇಂಟರ್ನೆಟ್

ಬಾಡಿಗೆ ಕಟ್ಟಡದ ಕಚೇರಿಯಲ್ಲಿ ಕರೆಂಟ್ ಪದೇಪದೇ ಹೋಗುತ್ತಿದ್ದರೆ, ಇಂಟರ್ನೆಟ್ ಆಗಾಗ ಕಡಿಯುತ್ತಿದ್ದರೆ ದೂರು ಮೊದಲು ಹೋಗುವುದು ಕಟ್ಟಡದ ಮ್ಯಾನೇಜರ್ ಹತ್ತಿರ. ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿ ಅವರು ಫೆಸಿಲಿಟಿ ಮ್ಯಾನೇಜರ್, ಸಣ್ಣ ಕಟ್ಟಡಗಳಲ್ಲಿ ಬರೀ ‘ಮೇಂಟೆನೆನ್ಸ್‌ನವರು’. ಜನರೇಟರ್, ಲಿಫ್ಟ್, ನೀರಿನ ಪಂಪು, ಮೀಟರ್ ಕೋಣೆಯ ಬೀಗದ ಕೈ ಎಲ್ಲ ಇರುವುದು ಅವರ ಬಳಿ. ಅವರಿಗೆ ಬರುವ ದೂರಿನ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಧಾಟಿಯವು: ‘ದಿನಾ ಕರೆಂಟ್ ಹೋಗ್ತಿದೆ, ಇಂಟರ್ನೆಟ್ಟೂ ಇರಲ್ಲ, ಕೆಲಸ ಮಾಡೋಕೆ ಆಗ್ತಿಲ್ಲ, ದಯವಿಟ್ಟು ತಕ್ಷಣ ಸರಿ ಮಾಡಿಸಿ.’ ಅದಕ್ಕೆ ಸಿಗುವ ಉತ್ತರವೂ ಒಂದೇ ಧಾಟಿಯದು: ‘ಬೆಸ್ಕಾಂನಿಂದಲೇ ಸಪ್ಲೈ ಇಲ್ಲ ಸಾರ್. ಇಂಟರ್ನೆಟ್ ನಿಮ್ಮ ಕಂಪನಿಯವರನ್ನ ಕೇಳಿ.’

ಈ ಉತ್ತರವನ್ನು ಜಾರಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದರಲ್ಲಿ ನಿಜವೂ ಇದೆ. ವಿದ್ಯುತ್ ಕಂಪನಿಯ ಹೊಣೆ ಮೀಟರ್‌ವರೆಗೆ. ಮೀಟರ್‌ನಿಂದ ಕಚೇರಿಯ ಬಾಗಿಲವರೆಗಿನ ತಂತಿ, ಪ್ಯಾನೆಲ್, ಜನರೇಟರ್ ಕಟ್ಟಡದವರದು. ಬಾಗಿಲೊಳಗಿನ ಬ್ರೇಕರ್, ಯುಪಿಎಸ್, ಎಕ್ಸ್‌ಟೆನ್ಷನ್ ಬೋರ್ಡು ಬಾಡಿಗೆದಾರರದು. ಇಂಟರ್ನೆಟ್ಟಿನಲ್ಲೂ ಹೀಗೇ ಮೂರು ಪಾಲು ಇವೆ. ‘ಕರೆಂಟ್ ಹೋಗ್ತಿದೆ’ ಎಂಬ ಮಾತಿನಲ್ಲಿ ಅದು ಯಾರ ಪಾಲಿನಲ್ಲಿ ಹೋಗುತ್ತಿದೆ ಎಂಬುದು ಇಲ್ಲದಿರುವುದರಿಂದ ಮ್ಯಾನೇಜರ್ ಅದನ್ನು ತಮ್ಮದಲ್ಲದ ಪಾಲಿಗೆ ಹಾಕಿ ಕೈತೊಳೆದುಕೊಳ್ಳಬಹುದು. ಕೆಲಸ ಆಗಬೇಕಾದರೆ ತೊಂದರೆ ಅವರ ಪಾಲಿನಲ್ಲೇ ಇದೆಯೆಂದು ಮೇಲ್ ತೋರಿಸಬೇಕು; ಅವರ ಪಾಲಿನದಲ್ಲದ್ದನ್ನು ಅವರ ತಲೆಗೆ ಕಟ್ಟದಿರುವುದೂ ಅಷ್ಟೇ ಮುಖ್ಯ.

ಕರೆಂಟ್ ಹೋದ ಕ್ಷಣದಲ್ಲಿ ಕಾರಿಡಾರಿಗೆ ಬಂದು ಒಮ್ಮೆ ಸುತ್ತ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಲಿಫ್ಟ್ ನಿಂತು, ಎದುರಿನ ಕಟ್ಟಡವೂ ಕತ್ತಲಾಗಿದ್ದರೆ ಸಪ್ಲೈಯೇ ಇಲ್ಲ ಎಂದರ್ಥ. ಎದುರು ಕಟ್ಟಡದಲ್ಲಿ ದೀಪವಿದ್ದು ಈ ಕಟ್ಟಡ ಮಾತ್ರ ಕತ್ತಲಾಗಿದ್ದರೆ ತೊಂದರೆ ಕಟ್ಟಡದ ಮುಖ್ಯ ಪ್ಯಾನೆಲ್‌ನಲ್ಲೋ ಅದಕ್ಕೆ ಬರುವ ಕೇಬಲ್‌ನಲ್ಲೋ ಇರಬಹುದು. ಕಾರಿಡಾರ್ ಬೆಳಗುತ್ತಿದ್ದು ಒಂದು ಕಚೇರಿಗೆ ಮಾತ್ರ ಕರೆಂಟ್ ಇಲ್ಲದಿದ್ದರೆ ಆ ಕಚೇರಿಗೆ ಹೋಗುವ ಬ್ರೇಕರ್ ಬಿದ್ದಿದೆ. ಕಚೇರಿಯೊಳಗೇ ಅರ್ಧ ದೀಪ ಉರಿದು ಉಳಿದರ್ಧ ಆರಿದ್ದರೆ ಮೂರು ಫೇಸ್‌ಗಳಲ್ಲಿ ಒಂದು ಹೋಗಿದೆ. ಇನ್ನೊಂದು ಲಕ್ಷಣ ಕಂಡರೆ ಮೇಲ್ ಬರೆಯುತ್ತ ಕೂರುವಂತಿಲ್ಲ. ಕೆಲವು ದೀಪ ಮಂಕಾಗಿ ಬೇರೆ ಕೆಲವು ಅತಿಯಾಗಿ ಬೆಳಗಿದರೆ ನ್ಯೂಟ್ರಲ್ ತಂತಿ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಆಗ 230 ವೋಲ್ಟ್ ಬರಬೇಕಾದ ಕಡೆ ಅದಕ್ಕಿಂತ ಬಹಳ ಹೆಚ್ಚು ಬಂದು ಕಂಪ್ಯೂಟರ್‌ಗಳು ಸುಟ್ಟುಹೋಗುತ್ತವೆ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಬೇಕು.

ಜನರೇಟರ್ ಇರುವ ಕಟ್ಟಡದಲ್ಲಿ ಕರೆಂಟ್ ಹೋಗುವುದು ಒಂದು ಘಟನೆಯಲ್ಲ, ಎರಡು. ಬಹಳ ಕಚೇರಿಗಳ ಗಮನಕ್ಕೆ ಬಾರದಿರುವುದು ಇದೇ. ಸಪ್ಲೈ ನಿಂತ ಕೂಡಲೇ ಆಟೊಮ್ಯಾಟಿಕ್ ಪ್ಯಾನೆಲ್ ಕೆಲವು ಸೆಕೆಂಡು ಕಾಯುತ್ತದೆ. ಕಣ್ಣು ಮಿಟುಕಿಸಿದಂತೆ ಹೋಗಿಬರುವ ಕರೆಂಟಿಗೆಲ್ಲ ಎಂಜಿನ್ ಸ್ಟಾರ್ಟ್ ಆಗಬಾರದೆಂದು ಹೀಗೆ ಹೊಂದಿಸಿರುತ್ತಾರೆ. ಆಮೇಲೆ ಎಂಜಿನ್ ಹೊತ್ತಿ, ವೋಲ್ಟೇಜ್ ನೆಲೆಗೊಂಡು, ಲೋಡ್ ಅದರ ಮೇಲೆ ಬೀಳುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ 10ರಿಂದ 30 ಸೆಕೆಂಡ್ ಹಿಡಿಯುತ್ತದೆ. ಸಪ್ಲೈ ವಾಪಸ್ ಬಂದಾಗ ಪ್ಯಾನೆಲ್ ಕೆಲವು ನಿಮಿಷ ಅದು ನಿಲ್ಲುತ್ತದೆಯೇ ಎಂದು ನೋಡಿ, ಲೋಡನ್ನು ಜನರೇಟರ್‌ನಿಂದ ಬಿಡಿಸಿ ಸಪ್ಲೈಗೆ ಕೊಡುತ್ತದೆ. ಎರಡು ಮೂಲಗಳೂ ಒಂದೇ ಹೊತ್ತಿನಲ್ಲಿ ತಂತಿಗೆ ಸೇರಿದರೆ ಅನಾಹುತ. ಹಾಗಾಗಿ ಒಂದನ್ನು ಪೂರ್ತಿ ಬಿಡಿಸಿದ ಮೇಲೆಯೇ ಇನ್ನೊಂದನ್ನು ಸೇರಿಸಬೇಕು. ಆ ಒಂದೆರಡು ಸೆಕೆಂಡಿನ ಸಂದಿನಲ್ಲಿ ಮತ್ತೊಮ್ಮೆ ಕರೆಂಟ್ ಕಡಿಯುತ್ತದೆ. ಟ್ಯೂಬ್‌ಲೈಟ್ ಒಮ್ಮೆ ಮಿನುಗಿದ್ದನ್ನು ಯಾರೂ ಕರೆಂಟ್ ಹೋದದ್ದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯುಪಿಎಸ್ ಇಲ್ಲದ ಯಂತ್ರಕ್ಕೆ ಮಾತ್ರ ಆ ಮಿನುಗೂ ಸ್ವಿಚ್ ಆಫ್ ಮಾಡಿದ್ದಕ್ಕೆ ಸಮ.

ಇದೇ ಇಂಟರ್ನೆಟ್ಟಿನ ದೂರಿಗೂ ಕೊಂಡಿ. ಹಲವು ಅಂತಸ್ತಿನ ಕಟ್ಟಡದಲ್ಲಿ ಇಂಟರ್ನೆಟ್ ಕಂಪನಿಯ ಫೈಬರ್ ಎಷ್ಟೋ ಸಲ ನೇರವಾಗಿ ಕಚೇರಿಗೆ ಬರುವುದಿಲ್ಲ. ನೆಲಮಹಡಿಯಲ್ಲೋ ಬೇಸ್‌ಮೆಂಟಿನಲ್ಲೋ ಮೀಟರ್ ಕೋಣೆಯ ಪಕ್ಕ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ಫೈಬರ್ ಬಂದು ಮುಗಿಯುವುದು ಅದರೊಳಗಿನ ಓಎನ್‌ಟಿ ಎಂಬ ಸಣ್ಣ ಡಬ್ಬಿಯಲ್ಲಿ. ಅಲ್ಲಿಂದ ಒಂದು ಸ್ವಿಚ್ ಮೂಲಕ ಲ್ಯಾನ್ ಕೇಬಲ್‌ಗಳು ಒಂದೊಂದು ಅಂತಸ್ತಿಗೆ ಏರುತ್ತವೆ. ಓಎನ್‌ಟಿ, ಸ್ವಿಚ್ ಎರಡಕ್ಕೂ ಕರೆಂಟ್ ಬೇಕು. ಅದನ್ನು ಕೊಡುವುದು ಕಟ್ಟಡದ ಸಾಮಾನ್ಯ ಲೈನಿನ ಒಂದು ಸಾಕೆಟ್. ಕಾರಿಡಾರಿನ ದೀಪ, ಸೆಕ್ಯುರಿಟಿಯವರ ಫ್ಯಾನು ನಡೆಯುವುದೂ ಆ ಲೈನಿನ ಮೇಲೇ. ಮೇಲೆ ಕಚೇರಿಯಲ್ಲಿ ಎಷ್ಟು ದೊಡ್ಡ ಯುಪಿಎಸ್ ಇಟ್ಟರೂ ಕೆಳಗಿನ ಪೆಟ್ಟಿಗೆ ಅದರ ನೆರಳಿನಲ್ಲಿಲ್ಲ. ಕರೆಂಟ್ 20 ಸೆಕೆಂಡ್ ಹೋದರೆ ಓಎನ್‌ಟಿ ಆರುತ್ತದೆ. ಮತ್ತೆ ಹೊತ್ತಿದಾಗ ತನ್ನ ತಂತ್ರಾಂಶ ಎಬ್ಬಿಸಿ, ಕಂಪನಿಯ ಕೇಂದ್ರದೊಂದಿಗೆ ಗುರುತು ಹೇಳಿಕೊಂಡು, ವಿಳಾಸ ಪಡೆದು ಸಿದ್ಧವಾಗಲು ಎರಡರಿಂದ ಐದು ನಿಮಿಷ ತೆಗೆದುಕೊಳ್ಳುತ್ತದೆ. ಸಪ್ಲೈ ವಾಪಸಾದಾಗ ಲೋಡ್ ಬದಲಾಗುವ ಕ್ಷಣದಲ್ಲಿ ಇಷ್ಟೂ ಇನ್ನೊಮ್ಮೆ. ಕಚೇರಿಯವರಿಗೆ ಕಾಣುವುದು ಇದರ ಫಲ ಮಾತ್ರ: ಕಂಪ್ಯೂಟರ್‌ಗಳು ಚಾಲೂ ಇವೆ, ರೂಟರ್‌ನ ದೀಪ ಉರಿಯುತ್ತಿದೆ, ಇಂಟರ್ನೆಟ್ ಮಾತ್ರ ಇಲ್ಲ. ಅವರು ಇಂಟರ್ನೆಟ್ ಕಂಪನಿಗೆ ಫೋನ್ ಮಾಡುವ ಹೊತ್ತಿಗೆ ಅದು ಬಂದಿರುತ್ತದೆ. ‘ನಮ್ಮ ಕಡೆ ಎಲ್ಲ ಸರಿ ಇದೆ ಸಾರ್’ ಎಂದು ಕಂಪನಿಯವರು ಹೇಳುವುದು ಸತ್ಯವೇ.

ಇದನ್ನು ಖಚಿತಪಡಿಸಿಕೊಳ್ಳಲು ದೊಡ್ಡ ಪರಿಣತಿ ಬೇಡ. ಇಂಟರ್ನೆಟ್ ನಿಂತಾಗ ಯಾವುದಾದರೂ ಕಂಪ್ಯೂಟರ್‌ನಲ್ಲಿ ಈ ಎರಡು ಸಾಲು ಟೈಪ್ ಮಾಡಿ ನೋಡಿದರೆ ಸಾಕು.

```
ping 192.168.1.1
ping 8.8.8.8
```

ಮೊದಲನೆಯದು ಕಚೇರಿಯ ರೂಟರ್‌ನ ವಿಳಾಸ (ಕೆಲವು ರೂಟರ್‌ಗಳಲ್ಲಿ ಇದು ಬೇರೆ ಇರುತ್ತದೆ, ರೂಟರ್‌ನ ಅಡಿಯ ಚೀಟಿಯಲ್ಲಿ ಬರೆದಿರುತ್ತಾರೆ). ಎರಡನೆಯದು ಹೊರಗಿನದು. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ Request timed out ಎಂದು ಬಂದರೆ ಕಚೇರಿಯೊಳಗಿನ ಜಾಲ ಸರಿಯಿದೆ, ತೊಂದರೆ ಹೊರಗಿದೆ. ಆಗ ಯಾರಾದರೊಬ್ಬರು ಕೆಳಗಿಳಿದು ಪೆಟ್ಟಿಗೆ ತೆಗೆಸಿ ಓಎನ್‌ಟಿಯ ದೀಪ ನೋಡಬೇಕು. ಒಂದು ದೀಪವೂ ಉರಿಯದಿದ್ದರೆ ಅದಕ್ಕೆ ಕರೆಂಟೇ ಬಂದಿಲ್ಲ; ಅದು ಕಟ್ಟಡದವರ ಪಾಲು. LOS ಎಂದು ಬರೆದ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ಎಲ್ಲೋ ಕೇಬಲ್ ತುಂಡಾಗಿದೆ; ಬೆಂಗಳೂರಿನಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ರಸ್ತೆ ಅಗೆತ ಇಲ್ಲವೇ ಕೊಂಬೆ ಸವರುವವರ ಕತ್ತಿ. ಅದು ಇಂಟರ್ನೆಟ್ ಕಂಪನಿಯ ಪಾಲು. PON ಎಂಬ ದೀಪ ಮಿನುಗುತ್ತಿದ್ದರೆ ಅದು ಈಗಷ್ಟೇ ಎದ್ದು ಕೇಂದ್ರವನ್ನು ಹುಡುಕುತ್ತಿದೆ. ಕರೆಂಟ್ ಹೋಗಿ ಬಂದದ್ದರ ಗುರುತು ಅದು.

ಮೇಲ್ ಬರೆಯುವ ಮುಂಚೆ ಎರಡು ವಾರವಾದರೂ ದಾಖಲೆ ಇಡಬೇಕು. ಇದಕ್ಕೆ ಹೊಸ ಪುಸ್ತಕ ಕೊಳ್ಳಬೇಕಿಲ್ಲ. ಹೆಚ್ಚಿನ ಕಚೇರಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕರೆಂಟ್ ಹೋದ ತಕ್ಷಣ ಯಾರಾದರೊಬ್ಬರು ‘ಹೋಯ್ತು’ ಎಂದು ಹಾಕಿಯೇ ಹಾಕುತ್ತಾರೆ. ಆ ಸಂದೇಶದ ಸಮಯವೇ ದಾಖಲೆ. ‘ಬಂತು’ ಎಂದೂ ಹಾಕುವ ರೂಢಿ ಮಾಡಿಕೊಂಡರೆ ಲೆಕ್ಕ ಪೂರ್ತಿಯಾಗುತ್ತದೆ. ಗೋಡೆ ಗಡಿಯಾರವನ್ನಾಗಲಿ ಸಿಸಿಟಿವಿಯ ಸಮಯವನ್ನಾಗಲಿ ನಂಬಬಾರದು. ಅವು ಹಿಂದೆ ಮುಂದೆ ಇರುವುದೇ ಹೆಚ್ಚು, ಜನರೇಟರ್ ಲಾಗ್‌ಬುಕ್ಕಿನ ಜತೆ ತಾಳೆ ನೋಡುವಾಗ ನಾಲ್ಕು ನಿಮಿಷದ ವ್ಯತ್ಯಾಸಕ್ಕೇ ಜಗಳವಾಗುತ್ತದೆ.

ಒಂದು ಮಾದರಿ ಕಚೇರಿಯನ್ನು ಇಟ್ಟುಕೊಂಡು ನೋಡಬಹುದು. ಬೆಂಗಳೂರಿನ ಐದು ಅಂತಸ್ತಿನ ಕಟ್ಟಡ, ಮೂರನೇ ಅಂತಸ್ತಿನಲ್ಲಿ 22 ಜನರ ಲೆಕ್ಕಪತ್ರ ಕಚೇರಿ. ಟ್ಯಾಲಿ, ಜಿಎಸ್‌ಟಿ ಪೋರ್ಟಲ್, ಗ್ರಾಹಕರ ಸರ್ವರ್‌ಗೆ ರಿಮೋಟ್ ಸಂಪರ್ಕ: ಇಷ್ಟೇ ಅವರ ಕೆಲಸದ ಸಾಮಗ್ರಿ. ಪ್ರತಿ ತಿಂಗಳ 20ನೇ ತಾರೀಖು ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನವಾದ್ದರಿಂದ ಅದರ ಹಿಂದಿನ ವಾರ ಯಾರೂ ಕುರ್ಚಿಯಿಂದ ಏಳುವುದಿಲ್ಲ. ಮಳೆಗಾಲದ ಆರಂಭದಲ್ಲಿ ಎರಡು ವಾರ ಅವರಿಟ್ಟ ದಾಖಲೆಯಲ್ಲಿ ಐದು ನಮೂದುಗಳಿವೆ. ಮೂರು ಒಂದೇ ಬಗೆಯವು: ಸಪ್ಲೈ ಹೋಯಿತು, ಅರ್ಧ ನಿಮಿಷದಲ್ಲಿ ಜನರೇಟರ್ ಬಂತು, ಆದರೆ ಇಂಟರ್ನೆಟ್ ಬರಲು ಐದು ನಿಮಿಷವಾಯಿತು, ಸಪ್ಲೈ ವಾಪಸಾದಾಗ ಮತ್ತೆ ಐದು ನಿಮಿಷ ಇಂಟರ್ನೆಟ್ ಇಲ್ಲ. ನಾಲ್ಕನೆಯದರಲ್ಲಿ ಕರೆಂಟ್ ಹೋಗಿರಲೇ ಇಲ್ಲ. ಓಎನ್‌ಟಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು, ಒಂದೂಕಾಲು ಗಂಟೆ ಇಂಟರ್ನೆಟ್ ಇರಲಿಲ್ಲ. ಐದನೆಯದರಲ್ಲಿ ಜನರೇಟರ್ ಬಂದರೂ ಮೂರನೇ ಅಂತಸ್ತಿಗೆ ಮಾತ್ರ 25 ನಿಮಿಷ ಕರೆಂಟ್ ಇರಲಿಲ್ಲ.

ಕೂಡಿ ನೋಡಿದರೆ ಚಿತ್ರ ಬದಲಾಗುತ್ತದೆ. ‘ದಿನಾ ಕರೆಂಟ್ ಹೋಗುತ್ತದೆ’ ಎಂಬುದು ನಿಜವಲ್ಲ. ಎರಡು ವಾರದಲ್ಲಿ ಹೋದದ್ದು ನಾಲ್ಕು ಸಲ. ಜನರೇಟರ್ ಬರುವವರೆಗಿನ ಕತ್ತಲೆ ನಾಲ್ಕೂ ಸಲ ಸೇರಿ ಎರಡು ನಿಮಿಷ, ಅದನ್ನೂ ಯುಪಿಎಸ್ ತುಂಬಿಕೊಟ್ಟಿತು. ಕೆಲಸ ಕೆಟ್ಟದ್ದು ಇಂಟರ್ನೆಟ್ಟಿನಿಂದ. ಅದು ಕರೆಂಟಿನ ಜತೆ ಎಂಟು ಸಲ, ಸಲಕ್ಕೆ ಐದು ನಿಮಿಷದಂತೆ 40 ನಿಮಿಷ ಕಡಿದಿತ್ತು. ನಿಮಿಷದ ಲೆಕ್ಕದಲ್ಲಿ ಇದು ಸಣ್ಣದೇ. ಆದರೆ ಪ್ರತಿ ಸಲವೂ ಪೋರ್ಟಲ್‌ನಿಂದ ಹೊರಬಿದ್ದು, ಅರ್ಧ ತುಂಬಿದ ಫಾರ್ಮ್ ಕಳೆದು, ಗ್ರಾಹಕರ ಫೋನಿಗೆ ಬಂದಿದ್ದ ಓಟಿಪಿ ಹಳತಾಗಿ, ಅವರನ್ನು ಇನ್ನೊಮ್ಮೆ ಕಾಡಬೇಕಾಗುತ್ತದೆ. ಹೀಗೆ ಕೆಲಸ ಕೆಟ್ಟ ಬಗೆಯನ್ನು ಮೇಲ್‌ನಲ್ಲಿ ಒಂದು ಸಾಲಿನಲ್ಲಿ ಹೇಳುವುದು ಒಳ್ಳೆಯದು. ಐದು ನಿಮಿಷದ ಕಡಿತಕ್ಕೆ ಲಕ್ಷಾಂತರ ರೂಪಾಯಿ ನಷ್ಟವಾಯಿತು ಎಂದು ಬರೆದರೆ ಮಾತ್ರ ಉಳಿದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ.

ಐದನೆಯ ನಮೂದಿನಲ್ಲಿ ಕಚೇರಿಯವರ ತಪ್ಪೂ ಇರಬಹುದು. ಬಾಡಿಗೆ ಕರಾರಿನಲ್ಲಿ ಪ್ರತಿ ಕಚೇರಿಗೆ ಜನರೇಟರ್‌ನಿಂದ ಇಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತಾರೆ. ಅದನ್ನು ಮೀರಿದರೆ ಆ ಅಂತಸ್ತಿನ ಬ್ರೇಕರ್ ಬೀಳುವಂತೆ ಪ್ಯಾನೆಲ್ ಇರುತ್ತದೆ. ಈ ಕಚೇರಿಗೆ 8 ಕಿಲೋವ್ಯಾಟ್ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಒಂದೂವರೆ ಟನ್ನಿನ ಮೂರು ಎಸಿಗೆ ಹತ್ತಿರಹತ್ತಿರ 5, ಕಂಪ್ಯೂಟರ್‌ಗಳಿಗೆ 2, ದೀಪ ಫ್ಯಾನುಗಳಿಗೆ ಮುಕ್ಕಾಲು ಎಂದರೂ ಅಂಚಿಗೆ ಬಂತು. ಬ್ರೇಕರ್ ಬಿದ್ದದ್ದು ಸಂಜೆ ನಾಲ್ಕಕ್ಕೆ, ಟೀ ಹೊತ್ತು. ಒಂದೂವರೆ ಕಿಲೋವ್ಯಾಟಿನ ಎಲೆಕ್ಟ್ರಿಕ್ ಕೆಟಲ್ ಚಾಲೂ ಆದರೆ ಮಿತಿ ದಾಟುತ್ತದೆ. ಹಾಗಾಗಿ ಇದನ್ನು ಆರೋಪವಾಗಿ ಬರೆಯುವ ಬದಲು ಪ್ರಶ್ನೆಯಾಗಿ ಬರೆಯುವುದು ಜಾಣತನ.

ಎರಡನೇ ಮಂಗಳವಾರ ಕಳೆದು ಮೂರನೇ ಮಂಗಳವಾರ ಹೊರಟ ಮೇಲ್ ಹೀಗಿರಬಹುದು.

ವಿಷಯ: ಮೂರನೇ ಅಂತಸ್ತು – ನೆಲಮಹಡಿಯ ಇಂಟರ್ನೆಟ್ ಪೆಟ್ಟಿಗೆಗೆ ಯುಪಿಎಸ್ ಲೈನ್ ಬೇಕು (ಜೂನ್ 19, ಗುರುವಾರದೊಳಗೆ)

ಮಾನ್ಯರೇ, ನಮಸ್ಕಾರ.

ಜೂನ್ 3ರಿಂದ 16ರವರೆಗೆ ನಮ್ಮ ಕಚೇರಿಯಲ್ಲಿ ಕರೆಂಟ್ ನಾಲ್ಕು ಸಲ ಹೋಗಿದೆ. ನಾಲ್ಕೂ ಸಲ ಜನರೇಟರ್ ಅರ್ಧ ನಿಮಿಷದೊಳಗೆ ಬಂದಿದೆ, ಅದರ ಬಗ್ಗೆ ನಮ್ಮ ದೂರಿಲ್ಲ. ಆದರೆ ಪ್ರತಿ ಸಲವೂ ಇಂಟರ್ನೆಟ್ ಎರಡೆರಡು ಬಾರಿ, ಸುಮಾರು ಐದೈದು ನಿಮಿಷ ನಿಂತಿದೆ: ಒಮ್ಮೆ ಕರೆಂಟ್ ಹೋದಾಗ, ಇನ್ನೊಮ್ಮೆ ಜನರೇಟರ್‌ನಿಂದ ಬೆಸ್ಕಾಂ ಲೈನಿಗೆ ಬದಲಾದಾಗ.

ಜೂನ್ 3, ಮಂಗಳ: 11.12–11.17 ಮತ್ತು 11.50–11.55
ಜೂನ್ 6, ಶುಕ್ರ: 3.40–3.45 ಮತ್ತು 4.31–4.36
ಜೂನ್ 10, ಮಂಗಳ: 12.05–12.10 ಮತ್ತು 12.22–12.27
ಜೂನ್ 16, ಸೋಮ: 4.02–4.07 ಮತ್ತು 4.48–4.53

ನಮ್ಮ ಕಚೇರಿಯ ರೂಟರ್ ಯುಪಿಎಸ್ ಮೇಲಿದೆ, ಅದು ಆರುವುದಿಲ್ಲ. ಜೂನ್ 10ರಂದು ನಮ್ಮವರು ಕೆಳಗೆ ಬಂದು ನೋಡಿದಾಗ ಮೀಟರ್ ಕೋಣೆಯ ಪಕ್ಕದ ಪೆಟ್ಟಿಗೆಯಲ್ಲಿರುವ ಇಂಟರ್ನೆಟ್ ಡಬ್ಬಿ ಆರಿ ಹೊತ್ತಿ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಫೋಟೊ ಲಗತ್ತಿಸಿದ್ದೇವೆ. ಆ ಪೆಟ್ಟಿಗೆಯ ಸಾಕೆಟ್ ಕಾರಿಡಾರ್ ಲೈನಿನ ಮೇಲಿದೆ ಎಂದು ಎಲೆಕ್ಟ್ರಿಷಿಯನ್ ತಿಳಿಸಿದರು.

ಜೂನ್ 12ರಂದು ಇಂಟರ್ನೆಟ್ ಒಂದೂಕಾಲು ಗಂಟೆ ಇರಲಿಲ್ಲ. ಅದು ಫೈಬರ್ ತುಂಡಾದದ್ದು, ಇಂಟರ್ನೆಟ್ ಕಂಪನಿಗೆ ದೂರು ಕೊಟ್ಟಿದ್ದೇವೆ. ಇಲ್ಲಿ ಸೇರಿಸಿಲ್ಲ.

ನಮ್ಮ ಕೋರಿಕೆ ಇಷ್ಟು. ಆ ಪೆಟ್ಟಿಗೆಯಲ್ಲಿ ಒಂದು ಸಣ್ಣ ಯುಪಿಎಸ್ (600 ವಿಎ ಸಾಕು) ಇಡಬೇಕು, ಇಲ್ಲವೇ ಪೆಟ್ಟಿಗೆಗೆ ಲಿಫ್ಟ್ ಕೋಣೆಯ ಯುಪಿಎಸ್‌ನಿಂದ ಲೈನ್ ಕೊಡಬೇಕು. 20ನೇ ತಾರೀಖು ನಮಗೆ ಜಿಎಸ್‌ಟಿ ಸಲ್ಲಿಕೆಯ ಕೊನೆಯ ದಿನ, ಕಡಿತವಾದಾಗಲೆಲ್ಲ ಪೋರ್ಟಲ್‌ನಲ್ಲಿ ಮೊದಲಿನಿಂದ ಕೆಲಸ ಶುರುಮಾಡಬೇಕಾಗುತ್ತಿದೆ. ಆದ್ದರಿಂದ ಗುರುವಾರದೊಳಗೆ ತಾತ್ಕಾಲಿಕವಾಗಿಯಾದರೂ ಆಗಬೇಕು. ಯುಪಿಎಸ್ ನಾವೇ ತಂದಿಡುವುದಕ್ಕೂ ಸಿದ್ಧ, ನಿಮ್ಮ ಒಪ್ಪಿಗೆ ಬೇಕು.

ಇನ್ನೊಂದು ವಿಚಾರ. ಜೂನ್ 16ರಂದು ಜನರೇಟರ್ ಬಂದ ಮೇಲೆ ನಮ್ಮ ಅಂತಸ್ತಿನ ಬ್ರೇಕರ್ ಬಿದ್ದು 25 ನಿಮಿಷ ಕರೆಂಟ್ ಇರಲಿಲ್ಲ. ಕರಾರಿನ ಪ್ರಕಾರ ನಮಗೆ 8 ಕಿಲೋವ್ಯಾಟ್ ಇದೆ. ಪ್ಯಾನೆಲ್‌ನಲ್ಲಿ ಹಾಕಿರುವ ಬ್ರೇಕರ್ ಎಷ್ಟು ಆಂಪಿಯರ್‌ನದು, ಆ ಹೊತ್ತಿನಲ್ಲಿ ನಮ್ಮ ಲೋಡ್ ಮಿತಿ ಮೀರಿತ್ತೇ ಎಂದು ಎಲೆಕ್ಟ್ರಿಷಿಯನ್ ನೋಡಿ ತಿಳಿಸಿದರೆ ನಮ್ಮ ಕಡೆಯ ಬಳಕೆ ಸರಿಮಾಡಿಕೊಳ್ಳುತ್ತೇವೆ. ಬುಧವಾರ ಬೆಳಿಗ್ಗೆ 11ಕ್ಕೆ ಅವರು ಬಂದರೆ ನಮ್ಮವರೊಬ್ಬರು ಜತೆಗಿರುತ್ತಾರೆ.

ವಂದನೆಗಳು.

ಇದರಲ್ಲಿ ದೂರು ಕಡಿಮೆ, ಕೋರಿಕೆ ಹೆಚ್ಚು. ವಿಷಯದ ಸಾಲಿನಲ್ಲೇ ಏನು ಬೇಕು, ಯಾವತ್ತಿನೊಳಗೆ ಎಂಬುದಿರುವುದರಿಂದ ಮ್ಯಾನೇಜರ್ ಇದನ್ನು ಹಾಗೇ ಎಲೆಕ್ಟ್ರಿಷಿಯನ್‌ಗೆ ಫಾರ್ವರ್ಡ್ ಮಾಡಬಹುದು. ನಿಜಕ್ಕೂ ಕೆಲಸ ಮಾಡುವವರು ಅವರೇ, ಅವರು ಫೋನಿನಲ್ಲಿ ಓದುವುದು ಮೊದಲ ನಾಲ್ಕು ಸಾಲು. ಜನರೇಟರ್ ಸರಿಯಾಗಿ ಬರುತ್ತಿದೆ ಎಂದು ಒಪ್ಪಿದ್ದರಿಂದ, ಜೂನ್ 12ರ ಕಡಿತವನ್ನು ಹೊರಗಿಟ್ಟಿದ್ದರಿಂದ, ಮಾಮೂಲಿ ಉತ್ತರಗಳೆರಡಕ್ಕೂ ಜಾಗ ಉಳಿದಿಲ್ಲ. ಕಟ್ಟಡದ ಮಾಲೀಕರಿಗೆ ಮೊದಲ ಮೇಲ್‌ನಲ್ಲೇ ಪ್ರತಿ ಕಳಿಸುವುದು ಹಲವರ ಅಭ್ಯಾಸ. ಅದರಿಂದ ಮ್ಯಾನೇಜರ್ ಕೆಲಸಕ್ಕಿಂತ ಮೊದಲು ಸಮಜಾಯಿಷಿ ಬರೆಯಲು ಕೂರುತ್ತಾರೆ. ಮಾಲೀಕರನ್ನು ಎರಡನೇ ಮೇಲ್‌ಗೆ ಉಳಿಸಿಕೊಳ್ಳುವುದೇ ವಾಸಿ.

ಕರೆಂಟ್ ಹೋದ ಗಳಿಗೆಯಲ್ಲಿ ಫೋನ್, ವಾಟ್ಸ್‌ಆ್ಯಪ್ಪೇ ಸರಿ. ತಿಂಗಳ ಕೊನೆಗೆ ನಿರ್ವಹಣಾ ಶುಲ್ಕದ ಬಿಲ್ಲು ಬಂದಾಗ, ಕರಾರು ನವೀಕರಿಸುವಾಗ ಲೆಕ್ಕಕ್ಕೆ ಬರುವುದು ಮೇಲ್. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಕಾಗದದ ಬರಹದಷ್ಟೇ ಮಾನ್ಯತೆ ಕೊಟ್ಟಿದೆ. ಎಲೆಕ್ಟ್ರಿಷಿಯನ್ ಮೆಟ್ಟಿಲ ಮೇಲೆ ನಿಂತು ‘ನಾಳೆ ಮಾಡ್ತೀವಿ’ ಎಂದರೆ ಆ ಸಂಜೆಯೇ ಹಳೆಯ ಮೇಲ್‌ನ ಕೊಂಡಿಯಲ್ಲಿ ‘ಇಂದು ಮಾತಾಡಿದಂತೆ ನಾಳೆ ಯುಪಿಎಸ್ ಕೂರಿಸುವುದಾಗಿ ತಿಳಿಸಿದ್ದೀರಿ’ ಎಂದು ಎರಡು ಸಾಲು ಹಾಕಿಡಬೇಕು.

ಉತ್ತರ ಹಲವು ಬಗೆಯಲ್ಲಿ ಬರಬಹುದು. ‘ಬೆಸ್ಕಾಂ ಸಪ್ಲೈ ಸರಿಯಿಲ್ಲ’ ಎಂದರೆ, ಮೇಲ್ ಕೇಳಿದ್ದು ಸಪ್ಲೈಯನ್ನಲ್ಲ ಎಂದು ಒಂದೇ ಸಾಲಿನಲ್ಲಿ ನೆನಪಿಸಿದರೆ ಸಾಕು. ಸಪ್ಲೈಯೇ ತೀರಾ ಕೆಟ್ಟಿದ್ದರೆ ಬೆಸ್ಕಾಂನ 1912ಕ್ಕೆ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಹೇಳಿ ದೂರು ದಾಖಲಿಸಿ, ಸಿಕ್ಕಿದ ದೂರಿನ ಸಂಖ್ಯೆಯನ್ನು ಮೇಲ್‌ಗೆ ಸೇರಿಸಬಹುದು. ಒಂದೇ ಮೀಟರ್‌ನಿಂದ ಎಲ್ಲ ಕಚೇರಿಗೂ ಹಂಚಿರುವ ಕಟ್ಟಡದಲ್ಲಿ ಆ ನಂಬರ್ ಇರುವುದು ಮಾಲೀಕರ ಹೆಸರಿನಲ್ಲಿ, ಅಲ್ಲಿ ದೂರು ಕೊಡುವಂತೆ ಮ್ಯಾನೇಜರ್‌ನನ್ನೇ ಕೇಳಬೇಕಾಗುತ್ತದೆ. ಬೆಸ್ಕಾಂ ಮುಂಚಿತವಾಗಿ ಪ್ರಕಟಿಸಿದ ದುರಸ್ತಿ ಕಡಿತಗಳನ್ನು ದಾಖಲೆಯಲ್ಲಿ ಬೇರೆ ಗುರುತು ಹಾಕಿಡುವುದು ಒಳ್ಳೆಯದು. ಅವನ್ನೂ ಸೇರಿಸಿ ಎಣಿಸಿದ್ದು ಗೊತ್ತಾದರೆ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತದೆ.

‘ಪೆಟ್ಟಿಗೆ ಇಂಟರ್ನೆಟ್ ಕಂಪನಿಯವರದು, ನಾವು ಮುಟ್ಟುವಂತಿಲ್ಲ’ ಎಂಬುದು ಇನ್ನೊಂದು ಉತ್ತರ, ಇದರಲ್ಲಿ ಹುರುಳಿದೆ. ಪೆಟ್ಟಿಗೆಯೊಳಗಿನ ಡಬ್ಬಿಯನ್ನು ಅವರು ಮುಟ್ಟಬೇಕಿಲ್ಲ, ಅದಕ್ಕೆ ಹೋಗುವ ಸಾಕೆಟ್ ಕಟ್ಟಡದವರದು. ಕಂಪನಿಯ ಸ್ಥಳೀಯ ತಂತ್ರಜ್ಞನನ್ನು ಅದೇ ಬುಧವಾರ 11ಕ್ಕೆ ಕರೆಸಿ ಇಬ್ಬರೂ ಒಟ್ಟಿಗೆ ನಿಂತರೆ ಹತ್ತು ನಿಮಿಷದ ಕೆಲಸ. ಓಎನ್‌ಟಿ, ಸ್ವಿಚ್ ಎರಡೂ ಸೇರಿ ಸಾಮಾನ್ಯವಾಗಿ ಒಂದು ಎಲ್‌ಇಡಿ ಟ್ಯೂಬಿನಷ್ಟು ವಿದ್ಯುತ್ ತಿನ್ನುತ್ತವೆ. ಹಾಗಾಗಿ ಕೆಲವೇ ಸಾವಿರ ರೂಪಾಯಿಯ ಸಣ್ಣ ಯುಪಿಎಸ್ ಅವನ್ನು ಅರ್ಧ ನಿಮಿಷವೇನು, ಜನರೇಟರ್ ಸ್ಟಾರ್ಟ್ ಆಗದ ದಿನವೂ ಸಾಕಷ್ಟು ಹೊತ್ತು ಹಿಡಿದಿಡುತ್ತದೆ.

ಇಂಟರ್ನೆಟ್ ಕಂಪನಿಯೊಂದಿಗಿನ ಒಪ್ಪಂದವನ್ನೂ ಒಮ್ಮೆ ತೆಗೆದು ನೋಡಬೇಕು. ವ್ಯಾಪಾರಿ ಸಂಪರ್ಕಗಳಲ್ಲಿ 99.5ರಷ್ಟು ಹೊತ್ತು ಸೇವೆ ಇರುತ್ತದೆ ಎಂಬಂಥ ಮಾತು ಬರೆದಿದ್ದರೆ ಅದು ಕೇಳಲು ದೊಡ್ಡದಾಗಿದೆ. 30 ದಿನದ ತಿಂಗಳಿಗೆ 720 ಗಂಟೆ. ಅದರ ಶೇಕಡ ಅರ್ಧ ಎಂದರೆ 3 ಗಂಟೆ 36 ನಿಮಿಷ. ಜೂನ್ 12ರ ಒಂದೂಕಾಲು ಗಂಟೆಯ ಕಡಿತ ಆ ಮಿತಿಯೊಳಗೇ ಇದೆ, ಪರಿಹಾರ ಕೇಳುವಂತಿಲ್ಲ. ಗ್ರಾಹಕರ ಜಾಗದಲ್ಲಿ ಕರೆಂಟ್ ಇಲ್ಲದೆ ನಿಂತ ಹೊತ್ತನ್ನು ಇಂಥ ಒಪ್ಪಂದಗಳು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಳಗಿನ ಪೆಟ್ಟಿಗೆಯ 40 ನಿಮಿಷಕ್ಕೆ ಕಟ್ಟಡದ ಮ್ಯಾನೇಜರ್ ಹೊರತು ಬೇರೆ ಕೇಳುವವರಿಲ್ಲ ಎನ್ನುವುದು ಇದರಿಂದಲೂ ಸ್ಪಷ್ಟ.

ಒಂದು ವಾರದಲ್ಲಿ ಉತ್ತರವೇ ಬರದಿದ್ದರೆ ಹೊಸ ಮೇಲ್ ಬರೆಯುವ ಬದಲು ಹಳೆಯದಕ್ಕೇ ಉತ್ತರಿಸಿ, ಆಮೇಲಾದ ಕಡಿತಗಳನ್ನು ಅದೇ ಪಟ್ಟಿಯ ಕೆಳಗೆ ಸೇರಿಸಿ, ಈ ಸಲ ಮಾಲೀಕರಿಗೂ ಪ್ರತಿ ಕಳಿಸಬೇಕು. ಕರಾರಿನಲ್ಲಿ ಬ್ಯಾಕಪ್ ವಿದ್ಯುತ್ತಿನ ಬಗ್ಗೆ ಇರುವ ಕಲಮಿನ ಸಂಖ್ಯೆ ಹಾಕುವುದೂ ಈಗಲೇ. ಸಿಟ್ಟಿಗೆ ಬಾಡಿಗೆಯಲ್ಲೋ ನಿರ್ವಹಣಾ ಶುಲ್ಕದಲ್ಲೋ ಹಣ ಹಿಡಿದುಕೊಳ್ಳುವುದು ಮಾತ್ರ ಕರಾರಿನಲ್ಲಿ ಅವಕಾಶವಿಲ್ಲದಿದ್ದರೆ ಅಪಾಯ. ತಪ್ಪು ಬಾಡಿಗೆದಾರರ ಕಡೆಗೆ ತಿರುಗುತ್ತದೆ. ಅದೇ ಪೆಟ್ಟಿಗೆಯಿಂದ ಲೈನ್ ಹೋಗಿರುವ ಎರಡನೇ, ನಾಲ್ಕನೇ ಅಂತಸ್ತಿನವರಿಗೂ ಇದೇ ಸಮಯಗಳಲ್ಲಿ ಇಂಟರ್ನೆಟ್ ನಿಂತಿತ್ತೇ ಎಂದು ಕೇಳಿ ಅವರ ಹೆಸರನ್ನೂ ಸೇರಿಸಿದರೆ ಅದರ ಬಲವೇ ಬೇರೆ.

ಯುಪಿಎಸ್ ಕೂರಿಸಿದ ಮೇಲೆ ಮುಂದಿನ ಕಡಿತಕ್ಕಾಗಿ ಕಾಯದೆ ಪರೀಕ್ಷೆ ಕೇಳಬೇಕು. ಶನಿವಾರ ಮಧ್ಯಾಹ್ನ, ಲಿಫ್ಟಿನಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಎಲೆಕ್ಟ್ರಿಷಿಯನ್ ಕೈಯಿಂದಲೇ ಮುಖ್ಯ ಪ್ಯಾನೆಲ್‌ನಲ್ಲಿ ಸಪ್ಲೈ ತೆಗೆಸಿ, ಜನರೇಟರ್ ಬಂದ ಮೇಲೆ ಹತ್ತು ನಿಮಿಷ ಬಿಟ್ಟು ವಾಪಸ್ ಹಾಕಿಸಬೇಕು. ಅಷ್ಟೂ ಹೊತ್ತು ಮೇಲಿನ ಕಂಪ್ಯೂಟರ್‌ನಲ್ಲಿ ping -t 8.8.8.8 ಓಡುತ್ತಿರಲಿ. ಎರಡೂ ಬದಲಾವಣೆಗಳಲ್ಲಿ Request timed out ಸಾಲು ಬಾರದಿದ್ದರೆ ಕೆಲಸ ಮುಗಿಯಿತು. ಮೊದಲ ಬದಲಾವಣೆಯಲ್ಲಿ ಸರಿಯಿದ್ದು ಎರಡನೆಯದರಲ್ಲಿ ಕಡಿದರೆ ಯುಪಿಎಸ್‌ನ ಬ್ಯಾಟರಿ ಹಳೆಯದು, ಅರ್ಧ ನಿಮಿಷಕ್ಕೇ ಖಾಲಿಯಾಗಿದೆ ಎಂದು ಶಂಕಿಸಬೇಕು. ಪರೀಕ್ಷೆಯ ಫಲವನ್ನು ಬರೆದು ಮೇಲ್‌ನ ಕೊಂಡಿ ಮುಗಿಸುವಾಗ ಇನ್ನೊಂದು ಸಾಲು ಸೇರಿಸಲು ಮರೆಯಬಾರದು. ಇಂಥ ಸಣ್ಣ ಯುಪಿಎಸ್‌ಗಳ ಸೀಲ್ ಮಾಡಿದ ಬ್ಯಾಟರಿ ತಂಪು ಜಾಗದಲ್ಲಿ ಮೂರು ನಾಲ್ಕು ವರ್ಷ ಬಾಳುತ್ತದೆ, ಗಾಳಿಯಾಡದ ಬಿಸಿ ಮೀಟರ್ ಕೋಣೆಯಲ್ಲಿ ಅದಕ್ಕಿಂತ ಬೇಗ ಸಾಯುತ್ತದೆ. ಆರು ತಿಂಗಳಿಗೊಮ್ಮೆ ಅದರ ಪ್ಲಗ್ ಕಿತ್ತು ನೋಡುವವರು ಯಾರು, ಬ್ಯಾಟರಿ ಬದಲಿಸುವ ಖರ್ಚು ಕಟ್ಟಡದ್ದೋ ಕಚೇರಿಯದ್ದೋ ಎಂಬುದೂ ಅದೇ ಮೇಲ್‌ನಲ್ಲಿ ಬರೆದು ಒಪ್ಪಿಸಿಕೊಂಡಿರಬೇಕು.